ಸಹೋದ್ಯೋಗಿಯ ಮನೆಯಲ್ಲಿ ಸಾವು: ಈ ಸಂತಾಪದ ಮೆಸೇಜ್ ಸರಿಯಿದೆಯಾ, ನೋಡಿ ಹೇಳಿ

ಕಾವೇರಿ ದಂಡೆ · ಸೋಮವಾರ ಬೆಳಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವನು. ಕುಶಾಲನಗರದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಆಫೀಸಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂರುವವರು ಕೊಡವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಕೆಲಸ ಕಲಿಸಿದ್ದೇ ಅವರು. ಅವರ ಮಾವ ನಿನ್ನೆ ರಾತ್ರಿ ತೀರಿಕೊಂಡರು ಅಂತ ನಮ್ಮ ಡ್ರೈವರ್ ಬೆಳಗ್ಗೆ ಹೇಳಿದರು.

ಅವರ ಊರು ನಾಪೋಕ್ಲು ಆಚೆ. ಮೂರು ದಿನದಿಂದ ಮಳೆ ಬಿಟ್ಟಿಲ್ಲ, ದಾರಿಯಲ್ಲಿ ಮರ ಬಿದ್ದಿದೆಯಂತೆ. ಇವತ್ತು ಹೋಗೋಕೆ ಆಗುವುದಿಲ್ಲ. ಅದಕ್ಕೇ ಮೆಸೇಜ್ ಬರೆದಿದ್ದೇನೆ. ಇಂಥದ್ದನ್ನು ನಾನು ಯಾವತ್ತೂ ಬರೆದವನಲ್ಲ. ಕಾಗುಣಿತ, ವ್ಯಾಕರಣ ತಪ್ಪಿರಬಹುದು. ಅದಕ್ಕಿಂತ ಜಾಸ್ತಿ, ಅವರ ಮನಸ್ಸಿಗೆ ಚುಚ್ಚುವಂಥದ್ದು ಏನೂ ಇರಬಾರದು.

"ನಮಸ್ಕಾರ ಮೇಡಂ. ತಮ್ಮ ಮಾವನವರು ಅಕಾಲಿಕವಾಗಿ ನಿದನವಾದ ವಿಷಯ ಕೇಳಿ ತುಂಬಾ ದುಖಃವಾಯಿತು. ನಿಮಗೂ ನಿಮ್ಮ ಕುಟುಂಬದವರಿಗೂ ಭಾವಪೂರ್ಣ ಶೃದ್ಧಾಂಜಲಿ. ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇನೆ. ಈ ನೋವನ್ನು ಬರಿಸುವ ಶಕ್ತಿಯನ್ನು ದೇವರು ತಮಗೆ ಕೊಡಲಿ. ಏನಾದರೂ ಸಹಾಯ ಬೇಕಿದ್ದರೆ ತಿಳಿಸಿ."

ಮಧ್ಯಾಹ್ನದೊಳಗೆ ಕಳಿಸಬೇಕು ಅಂದುಕೊಂಡಿದ್ದೇನೆ.

ಏಲಕ್ಕಿ ಬುಟ್ಟಿ · 9:52

ಪೇಪರಿಗೆ ಕೊಡುವುದಾದರೆ ಫೋಟೋ ಬೇಕು, ಹುಟ್ಟಿದ ದಿನ ಮತ್ತು ತೀರಿಕೊಂಡ ದಿನ ಎರಡೂ ಬೇಕು. ಕೆಳಗೆ "ದುಃಖತಪ್ತ ಕುಟುಂಬದವರು" ಅಂತ ಹಾಕಬೇಕು. ನೀವು ಆಫೀಸಿನ ಪರವಾಗಿ ಕೊಡುತ್ತೀರಾದರೆ "ಸಹೋದ್ಯೋಗಿಗಳು" ಅಂತ ಹಾಕಿ. ನಮ್ಮ ಅಜ್ಜನಿಗೆ ಕೊಟ್ಟಾಗ ಹೀಗೇ ಮಾಡಿದ್ದೆವು. ನಿಮ್ಮದರಲ್ಲಿ ದಿನಾಂಕವೇ ಇಲ್ಲವಲ್ಲ?

ಕಾವೇರಿ ದಂಡೆ · 9:55

ಪೇಪರಿಗಲ್ಲ. ಅವರ ಫೋನಿಗೆ ನೇರವಾಗಿ ಕಳಿಸುವುದು.

ಕರಡು ತಿದ್ದುವವ · 10:10

ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದ್ದೇನೆ. ನಿಧನದ ಕಾಲಂ ತುಂಬಾ ಕಾಲ ನನ್ನ ಕೈಯಲ್ಲೇ ಇತ್ತು. ನೀವು ಕಳಿಸುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಕಾಗುಣಿತ ಆಮೇಲೆ ನೋಡೋಣ. ಮೊದಲು ತಿದ್ದಬೇಕಾದ್ದು ಎರಡನೇ ಸಾಲು.

"ನಿಮಗೂ ನಿಮ್ಮ ಕುಟುಂಬದವರಿಗೂ ಭಾವಪೂರ್ಣ ಶ್ರದ್ಧಾಂಜಲಿ" ಅಂತ ಬರೆದಿದ್ದೀರಿ. ಶ್ರದ್ಧಾಂಜಲಿ ಸಲ್ಲುವುದು ತೀರಿಕೊಂಡವರಿಗೆ. ಬದುಕಿರುವವರಿಗೆ ಹೇಳುವುದು ಸಂತಾಪ ಅಥವಾ ಸಾಂತ್ವನ. ನಿಮ್ಮ ಸಾಲನ್ನು ಇದ್ದ ಹಾಗೆ ಓದಿದರೆ, ಆ ಮನೆಯಲ್ಲಿ ಬದುಕಿರುವ ಎಲ್ಲರಿಗೂ ನೀವು ಶ್ರದ್ಧಾಂಜಲಿ ಹೇಳಿದ ಹಾಗಾಗುತ್ತದೆ. ನಿಮ್ಮ ಮನಸ್ಸಿನಲ್ಲಿ ಅದು ಇಲ್ಲ ಅಂತ ಗೊತ್ತು. ಆದರೆ ಸಾವಿನ ಮನೆಯಲ್ಲಿ ಇದನ್ನು ಓದುವ ಒಬ್ಬ ಹಿರಿಯರಿಗೆ ಎದೆ ಝಲ್ ಅನ್ನುತ್ತದೆ.

ಈ ತಪ್ಪು ಎಲ್ಲಿಂದ ಬರುತ್ತದೆ ಅನ್ನುವುದು ಏಲಕ್ಕಿ ಬುಟ್ಟಿ ಅವರ ಮಾತಿನಲ್ಲೇ ಇದೆ. ಸಾವು ಅಂದ ಕೂಡಲೇ ನಮಗೆ ನೆನಪಾಗುವುದು ಪೇಪರಿನ ಜಾಹೀರಾತು, ಫ್ಲೆಕ್ಸ್. ಅಲ್ಲಿ ತೀರಿಕೊಂಡವರ ಫೋಟೋ ಇರುತ್ತದೆ, ಅದರ ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ" ಅಂತ ಇರುತ್ತದೆ. ಅಲ್ಲಿ ಅದು ಸರಿ. ಆ ಮಾತು ಫೋಟೋದಲ್ಲಿ ಇರುವವರಿಗೆ. ಅದನ್ನೇ ಎತ್ತಿ ಮೆಸೇಜಿಗೆ ಹಾಕಿ, ಹಿಂದೆ "ನಿಮಗೆ" ಸೇರಿಸಿದರೆ ಕೆಡುತ್ತದೆ.

ಡೆಸ್ಕಿನಲ್ಲಿ ನಾವು ಒಂದು ಅಭ್ಯಾಸ ಇಟ್ಟುಕೊಂಡಿದ್ದೆವು. ಪ್ರತಿ ಸಾಲಿನ ಮುಂದೆ "ಯಾರಿಗೆ?" ಅಂತ ಕೇಳಿಕೊಳ್ಳುವುದು. ಶ್ರದ್ಧಾಂಜಲಿ ಯಾರಿಗೆ? ಹೋದವರಿಗೆ. ಸಂತಾಪ ಯಾರಿಗೆ? ಉಳಿದವರಿಗೆ. ಶಾಂತಿ ಯಾರಿಗೆ? ಹೋದವರಿಗೆ. ಶಕ್ತಿ, ಧೈರ್ಯ ಯಾರಿಗೆ? ಉಳಿದವರಿಗೆ. ನಿಮ್ಮ ಕೊನೆಯ ಎರಡು ಸಾಲು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಎರಡನೆಯದು ಆಗುವುದಿಲ್ಲ.

ಮಳೆ ಮಡಿಕೇರಿ · 10:21

ಸರ್ ಹೇಳಿದ್ದು ಸರಿ. ಇನ್ನೊಂದು ವ್ಯಾಕರಣ ತಪ್ಪಿದೆ. "ವಿಷಯ ಕೇಳಿ ದುಃಖವಾಯಿತು" ಅನ್ನುವಂತಿಲ್ಲ. ಕೇಳಿದ್ದು ನೀವು, ಆಗಿದ್ದು ದುಃಖ. ಎರಡಕ್ಕೂ ಕರ್ತೃ ಒಂದೇ ಇರಬೇಕು. "ವಿಷಯ ಕೇಳಿ ನಾನು ದುಃಖಪಟ್ಟೆನು" ಅಂತ ಆಗಬೇಕು. ಹಾಗೇ ಮಾವ ಅಂದರೆ ಗಂಡನ ತಂದೆ. ಅವರಿಗೆ "ಮಾವನವರು" ಅಂತ ಬರೆದಿದ್ದು ಸರಿಯಾಗಿದೆ. ಅದನ್ನು ಮುಟ್ಟಬೇಡಿ.

ಕರಡು ತಿದ್ದುವವ · 10:34

ನಿಯಮ ನೀವು ಹೇಳಿದ್ದೇ. ಆದರೆ ಇಲ್ಲಿ ಅದು ಮುರಿದಿಲ್ಲ. ದುಃಖವಾಯಿತು ಅಂದರೆ ನನಗೆ ದುಃಖವಾಯಿತು ಅಂತಲೇ. ಕೇಳಿದವನೂ ನಾನೇ, ದುಃಖ ಆಗಿದ್ದೂ ನನಗೇ. "ಮಗುವನ್ನು ನೋಡಿ ಖುಷಿಯಾಯಿತು" ಅಂತ ದಿನಾ ಅನ್ನುತ್ತೇವಲ್ಲ, ಅದೇ ಥರ. "ದುಃಖಪಟ್ಟೆನು" ಅಂದರೆ ತಪ್ಪಲ್ಲ, ಆದರೆ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತದೆ.

ನೀವು ಹೇಳಿದ ನಿಯಮ ನಿಜಕ್ಕೂ ಮುರಿಯುವುದು ಬೇರೆ ಕಡೆ. "ನಿಧನದ ಸುದ್ದಿ ಕೇಳಿ ನಿಮಗೆ ದೇವರು ಶಕ್ತಿ ಕೊಡಲಿ" ಅಂತ ಬರೆಯುವವರು ತುಂಬಾ ಜನ ಇದ್ದಾರೆ. ಅಲ್ಲಿ ಕೇಳಿದ್ದು ಯಾರು? ನಾನಾ, ದೇವರಾ? ಎರಡು ವಾಕ್ಯ ಮಾಡಬೇಕಾದ್ದನ್ನು ಒಂದೇ ಮಾಡಿದಾಗ ಹೀಗಾಗುತ್ತದೆ. ಸಾವಿನ ಮಾತಿನಲ್ಲಿ ವಾಕ್ಯ ಚಿಕ್ಕದಿದ್ದಷ್ಟೂ ಒಳ್ಳೆಯದು.

ಮೊದಲ ಸಾಲಿನ ತಪ್ಪು "ನಿಧನವಾದ" ಅನ್ನುವುದರಲ್ಲಿದೆ. ಮಾವನವರು ಅಂದ ಮೇಲೆ "ನಿಧನರಾದ" ಆಗಬೇಕು. ಇಲ್ಲವೇ "ಮಾವನವರ ನಿಧನದ ವಿಷಯ" ಅಂತ ಮಾಡಿ. ಕಾಗುಣಿತ ನಾಲ್ಕು ಕಡೆ ತಪ್ಪಿದೆ. ನಿಧನದಲ್ಲಿ ದೊಡ್ಡ ಧ. ದುಃಖದಲ್ಲಿ ಎರಡು ಸೊನ್ನೆ ಬರುವುದು ಖ ಆದಮೇಲೆ ಅಲ್ಲ, ದು ಆದಮೇಲೆ. ಶ್ರದ್ಧೆಯ ಶ್ರ ಕೆಳಗೆ ರ ಒತ್ತು, ವಟ್ರಸುಳಿ ಅಲ್ಲ. ಭರಿಸುವುದಕ್ಕೆ ದೊಡ್ಡ ಭ. "ಬರಿಸು" ಅಂದರೆ ಬರುವಂತೆ ಮಾಡು ಅಂತ ಆಗುತ್ತದೆ, ನೋವನ್ನು ತರಿಸುವ ಶಕ್ತಿ ಕೊಡಲಿ ಅಂದ ಹಾಗೆ. ಈ ಒಂದನ್ನು ಮಾತ್ರ ದಯವಿಟ್ಟು ಹಾಗೇ ಬಿಡಬೇಡಿ.

ಇನ್ನು "ಅಕಾಲಿಕ". ಅವರಿಗೆ ವಯಸ್ಸೆಷ್ಟು?

ಐನ್‌ಮನೆ ಮೆಟ್ಟಿಲು · 10:48

ನಾನು ಕೊಡವಳು, ವಿರಾಜಪೇಟೆ ಹತ್ತಿರದವಳು. ವ್ಯಾಕರಣ ಸರ್ ನೋಡಿಕೊಳ್ಳುತ್ತಾರೆ. ನನಗೆ ಒಂದೇ ಪ್ರಶ್ನೆ. ಯಾವ ಮಾವ?

ಡ್ರೈವರ್ "ಮಾವ" ಅಂದರು, ನೀವು "ಮಾವನವರು" ಅಂತ ಬರೆದಿರಿ. ಗಂಡನ ಅಪ್ಪನೂ ಮಾವ, ಅಮ್ಮನ ಅಣ್ಣ ತಮ್ಮನೂ ಮಾವ. ಮದುವೆಯಾದ ಹೆಂಗಸಿಗೆ "ನಿಮ್ಮ ಮಾವನವರು" ಅಂತ ಬರೆದರೆ ಯಾರೇ ಓದಿದರೂ ಗಂಡನ ಅಪ್ಪ ಅಂತಲೇ ತಿಳಿಯುತ್ತಾರೆ. ಮೂರು ವರ್ಷದ ಹಿಂದೆ ನನ್ನ ಅಮ್ಮನ ತಮ್ಮ ಹೋದಾಗ ಆಫೀಸಿನಿಂದ ಹೀಗೇ ಒಂದು ಮೆಸೇಜ್ ಬಂತು. ನನ್ನ ಗಂಡನ ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಫೋನ್ ಮಗುಚಿ ಇಟ್ಟೆ. ಕಳಿಸಿದವರ ಮೇಲೆ ಸಿಟ್ಟು ಬರಲಿಲ್ಲ, ಆದರೆ ಆ ಹೊತ್ತಿನಲ್ಲಿ ಅದನ್ನು ಓದಿದ್ದು ಮರೆತಿಲ್ಲ.

ಅವರನ್ನೇ ಕೇಳಬೇಡಿ. ಡ್ರೈವರನ್ನೋ, ಆಫೀಸಿನ ಬೇರೆ ಯಾರನ್ನೋ ಕೇಳಿ.

ಕಾವೇರಿ ದಂಡೆ · 11:15

ಡ್ರೈವರಿಗೆ ಫೋನ್ ಮಾಡಿ ಈಗ ಕೇಳಿದೆ. ಅವರ ಅಮ್ಮನ ಅಣ್ಣ. 79 ವರ್ಷ. ಐದಾರು ತಿಂಗಳಿಂದ ಹಾಸಿಗೆ ಹಿಡಿದಿದ್ದರಂತೆ. ಗಂಡನ ತಂದೆ ಇದ್ದಾರೆ, ಆರೋಗ್ಯವಾಗಿದ್ದಾರೆ. ನಿಜಕ್ಕೂ ಕೈ ನಡುಗಿತು ನನಗೆ. ಅಕ್ಕ ಒಂದು ಸಲ ಊಟದ ಹೊತ್ತಿನಲ್ಲಿ ಹೇಳಿದ್ದು ಈಗ ನೆನಪಾಯಿತು. ಹೈಸ್ಕೂಲು ಮುಗಿಯುವವರೆಗೆ ಅವರು ಇದ್ದಿದ್ದು ಈ ಮಾವನ ಮನೆಯಲ್ಲೇ. ಶಾಲೆ ದೂರ, ಮಳೆಗಾಲದಲ್ಲಿ ಹೊಳೆ ದಾಟಬೇಕಿತ್ತು, ಈ ಮಾವ ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದರಂತೆ.

ಹಾಗಾದರೆ "ಸೋದರಮಾವ" ಅಂತ ಬರೆಯಲಾ?

ಐನ್‌ಮನೆ ಮೆಟ್ಟಿಲು · 11:20

ಹೌದು, ಸೋದರಮಾವ ಅಂತಲೇ ಬರೆಯಿರಿ. ಮತ್ತೆ, ನೀವು ಈಗ "ಅಕ್ಕ" ಅಂದಿರಿ. ದಿನಾ ಅವರನ್ನು ಕರೆಯುವುದು ಹಾಗೇನಾ?

ಕಾವೇರಿ ದಂಡೆ · 11:22

ಹೌದು. ಎರಡು ವರ್ಷದಿಂದ ಅಕ್ಕ ಅಂತಲೇ.

ಐನ್‌ಮನೆ ಮೆಟ್ಟಿಲು · 11:31

ಹಾಗಿದ್ದರೆ "ನಮಸ್ಕಾರ ಮೇಡಂ" ಯಾಕೆ? "ತಮ್ಮ", "ತಮಗೆ" ಯಾಕೆ? ದಿನಾ ಅಕ್ಕ ಅನ್ನುವ ಹುಡುಗ ಇವತ್ತೇ ಮೇಡಂ ಅಂದರೆ, ಎದುರಿಗೆ ಇದ್ದವನು ಎದ್ದು ಬಾಗಿಲಾಚೆ ನಿಂತ ಹಾಗಿರುತ್ತದೆ. ಸಾವಿನ ಮನೆಯಲ್ಲಿ ಇರುವವರಿಗೆ ಗೊತ್ತಿರುವ ದನಿ ಬೇಕು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಕರಡು ತಿದ್ದುವವ · 11:45

ಅವರ ಮಾತಿಗೆ ವ್ಯಾಕರಣದ ಕಾರಣವೂ ಇದೆ. ನಿಮ್ಮ ಮೆಸೇಜಿನಲ್ಲಿ ಮೊದಲು "ತಮ್ಮ", ಆಮೇಲೆ "ನಿಮಗೂ", "ನಿಮ್ಮ", ಕೊನೆಗೆ ಮತ್ತೆ "ತಮಗೆ". ಒಂದೇ ಮೆಸೇಜಿನಲ್ಲಿ ಎರಡು ಮರ್ಯಾದೆ ಬೆರೆಯಬಾರದು. ಅದೂ ಅಲ್ಲದೆ "ತಮ್ಮ" ಸಂಬಂಧಗಳ ಮಾತಿನಲ್ಲಿ ತೊಡಕು ಮಾಡುತ್ತದೆ. ಯಾರದೋ ತಮ್ಮ ತೀರಿಕೊಂಡಾಗ "ತಮ್ಮ ತಮ್ಮನ ನಿಧನ" ಅಂತ ಬರೆದ ಕಾಗದ ನಾನು ಓದಿದ್ದೇನೆ. "ನಿಮ್ಮ" ಸಾಕು. ಗೌರವಕ್ಕೆ ಏನೂ ಕಮ್ಮಿಯಿಲ್ಲ.

"ಅಕಾಲಿಕ" ತೆಗೆಯಿರಿ. ಚಿಕ್ಕ ವಯಸ್ಸಿನಲ್ಲಿ ಹೋದರೆ ಅಕಾಲಿಕ, ಇದ್ದಕ್ಕಿದ್ದಂತೆ ಹೋದರೆ ಆಕಸ್ಮಿಕ. ಆರು ತಿಂಗಳು ಹಾಸಿಗೆ ಹಿಡಿದಿದ್ದ 79 ವರ್ಷದವರಿಗೆ ಎರಡೂ ಹೊಂದುವುದಿಲ್ಲ. ಹಾಗಂತ "ತುಂಬು ಜೀವನ ನಡೆಸಿದರು" ಅಂತಲೂ ಬರೆಯಬೇಡಿ. ಆ ಮಾತನ್ನು ಮನೆಯವರು ಹೇಳಿಕೊಳ್ಳಬಹುದು, ಹೊರಗಿನವರು ಹೇಳಿದರೆ "ಇನ್ನೇನು ಬೇಕಿತ್ತು" ಅಂದ ಹಾಗೆ ಕೇಳಿಸುತ್ತದೆ.

"ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇನೆ" ಅನ್ನುವುದು ಇಂಗ್ಲಿಷಿನಿಂದ ಎತ್ತಿದ್ದು. ನಮ್ಮ ಕಿವಿಗೆ ನಷ್ಟ ಅಂದರೆ ಬೆಳೆ ಹೋದದ್ದು, ವ್ಯಾಪಾರ ಕುಸಿದದ್ದು. ಕ್ಯೂರಿಂಗ್ ಆಫೀಸಿನಲ್ಲಂತೂ ಅದು ಲೆಕ್ಕದ ಪುಸ್ತಕದ ಮಾತು. ವಿಷಾದಿಸುತ್ತೇನೆ ಅಂದರೆ ತಪ್ಪು ಮಾಡಿದವರು ಹೇಳುವ ಮಾತಿನ ಥರ ಇರುತ್ತದೆ. ಇಡೀ ಸಾಲು ಬಿಡಿ.

ಸುಂಟಿಕೊಪ್ಪ ತಿರುವು · 12:05

ನನ್ನದೂ ಒಂದು ಮಾತು. ಹೋದ ವರ್ಷ ನನ್ನ ಉಮ್ಮ ತೀರಿಕೊಂಡಾಗ ನೂರಕ್ಕೂ ಜಾಸ್ತಿ ಮೆಸೇಜ್ ಬಂದವು. "ಆತ್ಮಕ್ಕೆ ಸದ್ಗತಿ ಸಿಗಲಿ" ಅಂತ ತುಂಬಾ ಜನ ಬರೆದಿದ್ದರು. ನಮ್ಮಲ್ಲಿ ಆ ಮಾತು ಹೇಳುವುದಿಲ್ಲ, ಆದರೆ ಬೇಜಾರಾಗಲಿಲ್ಲ. ಪ್ರೀತಿಯಿಂದ ಬರೆದಿದ್ದಾರೆ ಅಂತ ಗೊತ್ತಿತ್ತು. ಒಬ್ಬರು "ಇನ್ನಾ ಲಿಲ್ಲಾಹಿ" ಅಂತ ಶುರು ಮಾಡಿ ಮಧ್ಯದಲ್ಲಿ ಅಕ್ಷರ ತಪ್ಪಿ ಅರ್ಥ ಇಲ್ಲದ ಹಾಗೆ ಮಾಡಿದ್ದರು. ಅದು ಮಾತ್ರ ಸ್ವಲ್ಪ ಚುಚ್ಚಿತು. ನಮ್ಮ ಮಾತು ಗೊತ್ತಿಲ್ಲದಿದ್ದರೆ ಕನ್ನಡದಲ್ಲೇ ಬರೆಯಬಹುದಿತ್ತು.

ನಾನು ಇವತ್ತಿಗೂ ಉಳಿಸಿಕೊಂಡಿರುವುದು ಒಂದೇ ಮೆಸೇಜ್. ನಮ್ಮ ಪಕ್ಕದ ಅಂಗಡಿಯವರದ್ದು. "ನಿಮ್ಮ ಉಮ್ಮ ಪೆರ್ನಾಳ್ ದಿನ ನನ್ನ ಮಕ್ಕಳಿಗೆ ಅಂತ ಪತ್ತಿರಿ ಬೇರೆ ಕಟ್ಟಿಡುತ್ತಿದ್ದರು. ಬೆಳಗ್ಗೆಯಿಂದ ಅದೇ ನೆನಪು." ಅಷ್ಟೇ. ದೇವರ ಹೆಸರಿಲ್ಲ, ಆತ್ಮ ಇಲ್ಲ. ನಿಮ್ಮ ಹತ್ತಿರ ಆ ಹೊಳೆ ದಾಟಿಸಿದ ಮಾತಿದೆಯಲ್ಲ. ಅದನ್ನೇ ಬರೆಯಿರಿ.

ಮಳೆ ಮಡಿಕೇರಿ · 12:14

ಅವರು ಕೊಡವರು ತಾನೇ. ಕೊಡವ ತಕ್ಕ್‌ನಲ್ಲಿ ಒಂದು ಸಾಲು ಹಾಕಿದರೆ ಅವರಿಗೆ ಹತ್ತಿರ ಅನ್ನಿಸುತ್ತದೆ, ಅಲ್ವಾ? ಮಾವನ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಯಿತು, ಕ್ಷಮಿಸಿ.

ಐನ್‌ಮನೆ ಮೆಟ್ಟಿಲು · 12:30

ಅವರಿಬ್ಬರೂ ಎರಡು ವರ್ಷದಿಂದ ಮಾತಾಡಿರುವುದು ಕನ್ನಡದಲ್ಲಿ. ಆ ಕನ್ನಡವೇ ಅವರಿಗೆ ಹತ್ತಿರ. ಯಾರನ್ನೋ ಕೇಳಿ ಒಂದು ಸಾಲು ಜೋಡಿಸಿದರೆ ಸುಂಟಿಕೊಪ್ಪದವರು ಹೇಳಿದ ಹಾಗೇ ಆಗುತ್ತದೆ.

ನಮ್ಮಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಚಿಕ್ಕವಳಿದ್ದಾಗ ಆ ಎರಡನೇ ಸದ್ದಿಗೆ ಕಾಯುತ್ತಿದ್ದೆ. ಎರಡನೆಯದು ಕೇಳಿದ ಕೂಡಲೇ ಗದ್ದೆಯಲ್ಲಿದ್ದವರು ಕೈ ತೊಳೆದುಕೊಂಡು ಆ ಮನೆ ಕಡೆ ಹೊರಡುತ್ತಿದ್ದರು. ಹೋದವರು ಮಾತಾಡುವುದು ಕಡಿಮೆ. ಅಡುಗೆ ಕಡೆ ನೋಡುತ್ತಾರೆ, ಸೌದೆ ತರುತ್ತಾರೆ, ಬಂದವರಿಗೆ ಕಾಫಿ ಕೊಡುತ್ತಾರೆ. ಹಾಗಾಗಿ ನಿಮ್ಮ ಮೆಸೇಜಿನಲ್ಲಿ ನನಗೆ ಕೊರತೆ ಅನ್ನಿಸಿದ್ದು ಕೊನೆಯ ಸಾಲು. "ಏನಾದರೂ ಸಹಾಯ ಬೇಕಿದ್ದರೆ ತಿಳಿಸಿ" ಅಂದರೆ ಕೇಳುವ ಕೆಲಸ ಅವರ ಮೇಲೆ ಬೀಳುತ್ತದೆ. ಯಾರೂ ಕೇಳುವುದಿಲ್ಲ. ನೀವು ನಿಜವಾಗಿ ಮಾಡಬಲ್ಲದ್ದು ಒಂದನ್ನು ಹೇಳಿ. ಅವರ ಯಾವ ಕೆಲಸ ಅರ್ಧಕ್ಕೆ ನಿಂತಿದೆ?

ಕಾವೇರಿ ದಂಡೆ · 12:38

ಸ್ಟಾಕ್ ರಿಜಿಸ್ಟರ್. ಶನಿವಾರಕ್ಕೆ ತಿಂಗಳ ಲೆಕ್ಕ ಮುಗಿಸಬೇಕು. ಅವರಿಗೆ ಅದೇ ಚಿಂತೆ ಇರುತ್ತದೆ ಅಂತ ನನಗೆ ಗೊತ್ತು. ಅದನ್ನು ನಾನು ಮಾಡಬಲ್ಲೆ.

ಏಲಕ್ಕಿ ಬುಟ್ಟಿ · 12:44

ಸಾವಿನ ಮೆಸೇಜಿನಲ್ಲಿ ಆಫೀಸಿನ ಕೆಲಸದ ಮಾತು ಬೇಕಾ? ನನಗೇನೋ ಸರಿ ಕಾಣುವುದಿಲ್ಲ. ದೇವರ ಸಾಲೂ ತೆಗೆದು, ಆತ್ಮಕ್ಕೆ ಶಾಂತಿ ಅನ್ನುವುದೂ ಇಲ್ಲದೆ, ರಿಜಿಸ್ಟರ್ ಬಗ್ಗೆ ಬರೆದರೆ ಬರಿದು ಅನ್ನಿಸುತ್ತದೆ. ನಮ್ಮ ಅಜ್ಜನಿಗೆ ಎಲ್ಲರೂ ಆತ್ಮಕ್ಕೆ ಶಾಂತಿ ಕೋರಿದ್ದರು. ಅದನ್ನು ಓದಿ ನಮ್ಮ ಅಜ್ಜಿಗೆ ಸಮಾಧಾನ ಆಗಿತ್ತು.

ಕರಡು ತಿದ್ದುವವ · 12:58

ನಿಮ್ಮ ಅಜ್ಜಿಗೆ ಸಮಾಧಾನ ಆಗಿದ್ದರೆ ಆ ಮಾತು ಅಲ್ಲಿ ಸರಿಯಾದ ಮಾತೇ. "ಅವರ ಆತ್ಮಕ್ಕೆ ಶಾಂತಿ ಸಿಗಲಿ" ಅನ್ನುವುದರಲ್ಲಿ ವ್ಯಾಕರಣದ ತಪ್ಪೂ ಇಲ್ಲ. ಓದುವವರು ನಂಬುವ ಮಾತಾ ಅನ್ನುವುದಷ್ಟೇ ಪ್ರಶ್ನೆ. ಅದನ್ನು ನಾನು ಇಲ್ಲಿ ಕೂತು ಹೇಳಲಾರೆ.

ಒಂದನ್ನು ಮಾತ್ರ ಖಂಡಿತ ಬೇಡ ಅನ್ನುತ್ತೇನೆ. "ಮೃತರ ಆತ್ಮಕ್ಕೆ" ಅಂತ ಬರೆಯಬೇಡಿ. ಮೃತರು, ಮೃತಪಟ್ಟರು ಇವೆಲ್ಲ ಪೊಲೀಸ್ ವರದಿಯ, ಅಪಘಾತದ ಸುದ್ದಿಯ ಪದಗಳು. "ಅವರ" ಅಂದರೆ ಸಾಕು.

ಕಾವೇರಿ ದಂಡೆ · ಮಧ್ಯಾಹ್ನ 1:20

ಮತ್ತೆ ಬರೆದಿದ್ದೇನೆ. ದೇವರ ಸಾಲಿನ ಬಗ್ಗೆ ತುಂಬಾ ಯೋಚಿಸಿದೆ. ಅಕ್ಕ ಪೂಜೆ ಮಾಡುವವರೇ, ಆದರೆ ನಾವಿಬ್ಬರೂ ಯಾವತ್ತೂ ಆ ಮಾತು ಆಡಿದವರಲ್ಲ. ಅದಕ್ಕೇ ಹಾಕಲಿಲ್ಲ.

"ಅಕ್ಕಾ, ನಿಮ್ಮ ಸೋದರಮಾವ ತೀರಿಕೊಂಡ ವಿಷಯ ಬೆಳಗ್ಗೆ ಗೊತ್ತಾಯಿತು. ತುಂಬಾ ದುಃಖವಾಯಿತು. ಅವರು ನಿಮ್ಮನ್ನು ಹೊತ್ತು ಹೊಳೆ ದಾಟಿಸುತ್ತಿದ್ದದ್ದು ನೀವು ಹೇಳಿದ್ದಿರಿ, ಅದೇ ನೆನಪಾಗುತ್ತಿದೆ. ಮಳೆಯಿಂದ ದಾರಿ ಕಟ್ಟಿದೆ, ಇವತ್ತು ಬರಲು ಆಗಲಿಲ್ಲ. ಸ್ಟಾಕ್ ರಿಜಿಸ್ಟರ್ ನಾನು ಮುಗಿಸುತ್ತೇನೆ, ಆ ಚಿಂತೆ ಬಿಡಿ. ಇದಕ್ಕೆ ಈಗ ಉತ್ತರ ಬರೆಯಬೇಕಿಲ್ಲ."

ಒಂದು ಅನುಮಾನ ಉಳಿದಿದೆ. "ಸೋದರಮಾವ ತೀರಿಕೊಂಡ" ಅಂದರೆ ಏಕವಚನ ಆಗಲಿಲ್ಲವಾ? "ತೀರಿಕೊಂಡರು" ಅಂತ ಬರಬೇಕಲ್ವಾ?

ಕರಡು ತಿದ್ದುವವ · 1:28

ಆಗಲಿಲ್ಲ. "ತೀರಿಕೊಂಡರು" ಅನ್ನುವಾಗ ಬರುವ ರು, "ತೀರಿಕೊಂಡ ವಿಷಯ" ಅನ್ನುವಾಗ ತಾನಾಗೇ ಬಿಟ್ಟುಹೋಗುತ್ತದೆ. "ಅವರು ಹೇಳಿದ ಮಾತು" ಅನ್ನುತ್ತೇವೆ, "ಹೇಳಿದರ ಮಾತು" ಅನ್ನುವುದಿಲ್ಲವಲ್ಲ. ಮುಂದಿನ ಸಾಲಿನಲ್ಲಿ "ಅವರು" ಅಂದಿದ್ದೀರಿ, ಗೌರವ ಅಲ್ಲಿದೆ. ಬೇಕಿದ್ದರೆ "ಸೋದರಮಾವನವರು" ಅನ್ನಬಹುದು, ಆದರೆ ಅಕ್ಕಾ ಅಂತ ಶುರು ಮಾಡಿದ ಮೇಲೆ ಅದು ಭಾರ ಆಗುತ್ತದೆ.

"ತೀರಿಕೊಂಡ" ಅನ್ನುವುದನ್ನೇ ಇಟ್ಟುಕೊಳ್ಳಿ. ಮನೆಯೊಳಗಿನ ಮಾತು ಅದು. ನನ್ನ ಕಡೆಯಿಂದ ಮುಟ್ಟಲು ಏನೂ ಉಳಿದಿಲ್ಲ.

ಐನ್‌ಮನೆ ಮೆಟ್ಟಿಲು · 1:33

ಕಳಿಸಿ. ಆಫೀಸಿನ ಗ್ರೂಪಿಗಲ್ಲ, ಅವರಿಗೆ ಮಾತ್ರ. ಮಳೆ ನಿಂತ ಮೇಲೆ ಹೋಗಿ ಬನ್ನಿ. ಮಾದ ಅಂದರೆ ನಮ್ಮಲ್ಲಿ ಸಾವಿನ ನಂತರ ಮಾಡುವ ತಿಥಿ. ಅದು ಯಾವತ್ತು ಅಂತ ಡ್ರೈವರಿಗೆ ಗೊತ್ತಿರುತ್ತದೆ, ಆ ದಿನಕ್ಕಾದರೂ ಹೋಗಿ.

ಏಲಕ್ಕಿ ಬುಟ್ಟಿ · 1:41

ಹೊಳೆಯ ಸಾಲು ಓದಿ ನನಗೆ ನಮ್ಮ ಅಜ್ಜ ನೆನಪಾದರು. ರಿಜಿಸ್ಟರ್ ಮಾತು ಈಗಲೂ ಬೇಡ ಅನ್ನಿಸುತ್ತದೆ.

ಕಾವೇರಿ ದಂಡೆ · 1:50

ಕಳಿಸಿದೆ. ಒಂದೇ ಟಿಕ್ ಬಿದ್ದಿದೆ. ಆ ಕಡೆ ಕರೆಂಟ್ ಇಲ್ಲವಂತೆ.

ಕಾವೇರಿ ದಂಡೆ · ಬುಧವಾರ ಸಂಜೆ 6:10

ಈಗ ಉತ್ತರ ಬಂತು. "ರಿಜಿಸ್ಟರ್ ನನ್ನ ಡ್ರಾಯರಿನಲ್ಲಿದೆ, ಎಡಗಡೆ. ಬೀಗದ ಕೈ ಕ್ಯಾಲೆಂಡರ್ ಹಿಂದೆ. ಆ ಹೊಳೆಗೆ ಈಗ ಸೇತುವೆ ಆಗಿದೆ, ಬಾ, ತೋರಿಸುತ್ತೇನೆ" ಅಂತ ಬರೆದಿದ್ದಾರೆ. ಡ್ರೈವರ್ ಜೊತೆ ಮಾದಕ್ಕೆ ಹೋಗುತ್ತಿದ್ದೇನೆ. ಅಲ್ಲಿಗೆ ಹೋಗುವಾಗ ಏನಾದರೂ ತೆಗೆದುಕೊಂಡು ಹೋಗಬೇಕಾ, ಐನ್‌ಮನೆ ಅಕ್ಕ?

ಐನ್‌ಮನೆ ಮೆಟ್ಟಿಲು · 6:25

ಏನೂ ಬೇಡ. ಬೇಗ ಹೋಗಿ, ಬಡಿಸುವವರ ಜೊತೆ ನಿಂತುಕೊಳ್ಳಿ.